ಪ್ಲಗ್‌ನ ಮೂತಿ ನೋಡಿ ಇಂಜಿನ್ನಿನ ಹಾಲು ಹೇಳುವುದು

ಕಾರ್ಬ್ಯುರೇಟರ್ ಇರುವ ಹಳೆಯ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸರಿಯಿದೆ ಎಂದರ್ಥ. ಸುಣ್ಣದಂತೆ ಬೆಳ್ಳಗಾಗಿ, ಮೇಲೆ ಸಣ್ಣ ಗುಳ್ಳೆಗಳೆದ್ದಿದ್ದರೆ ಪ್ಲಗ್ ವಿಪರೀತ ಕಾದಿದೆ. ಪೆಟ್ರೋಲ್ ಸಾಲದಿರಬಹುದು, ಎಲ್ಲೋ ಗಾಳಿ ಸೋರಿ ಒಳಬರುತ್ತಿರಬಹುದು. ಹಾಗೇ ಓಡಿಸಿದರೆ ಪಿಸ್ಟನ್ನೇ ಕರಗೀತು.

ಜನ ಎಡವುವುದು ಕಪ್ಪು ಬಣ್ಣದಲ್ಲಿ. ಬೆರಳಿನಿಂದ ಒರೆಸಿ ನೋಡಿ. ಒಣ ಮಸಿ ಪುಡಿಯಾಗಿ ಅಂಟಿದರೆ ಪೆಟ್ರೋಲ್ ಹೆಚ್ಚಾಗಿದೆ. ಮೊದಲು ಏರ್ ಫಿಲ್ಟರ್, ಚೋಕ್ ನೋಡಬೇಕು. ಒದ್ದೆಯಾಗಿ, ಜಿಡ್ಡಾಗಿ ಹೊಳೆಯುತ್ತಿದ್ದು, ಸೈಲೆನ್ಸರ್‌ನಿಂದ ನೀಲಿ ಹೊಗೆಯೂ ಬರುತ್ತಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಆಗ ಮೆಕ್ಯಾನಿಕ್ ಕಂಪ್ರೆಷನ್ ಅಳೆದು, ಪ್ಲಗ್ ರಂಧ್ರದಲ್ಲಿ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಚೆನ್ನಾಗಿ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್ ಅಥವಾ ಬೋರ್. ಏರದಿದ್ದರೆ ವಾಲ್ವ್ ಕಡೆಯ ಆಯಿಲ್ ಸೀಲ್ ಮೇಲೆ ಅನುಮಾನ. ಟೂ ಸ್ಟ್ರೋಕ್ ಗಾಡಿಗೆ ಈ ಲೆಕ್ಕ ಹೊಂದದು, ಅಲ್ಲಿ ಆಯಿಲ್ ಉರಿಯಲೇಬೇಕು.

ಸಿಗ್ನಲ್‌ನಲ್ಲಿ ನಿಂತು ನಿಂತು ಬಂದ ಗಾಡಿಯ ಪ್ಲಗ್ ಮಾತ್ರ ನಂಬಬೇಡಿ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟದೆ ಮಸಿ ಸುಟ್ಟುಹೋಗುವುದಿಲ್ಲ, ಹೀಗಾಗಿ ಸರಿಯಿರುವ ಇಂಜಿನ್ನೂ ಕಪ್ಪು ಮೂತಿ ತೋರಿಸುತ್ತದೆ. ಖಾಲಿ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಿ. ಆರಿದ ಮೇಲೆ ಪ್ಲಗ್ ಬಿಚ್ಚಿ. ಬಿಸಿಯಲ್ಲಿ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತುಬರುವುದುಂಟು.