ಬಿಲ್ಡರ್ ಕಳಿಸಿದ ಹೊಸ ತಾರೀಖು

“ಶಾಸನಬದ್ಧ ಅನುಮತಿಗಳು ಬಾಕಿ ಇರುವುದರಿಂದ ಹಸ್ತಾಂತರದ ದಿನಾಂಕವನ್ನು ಪರಿಷ್ಕರಿಸಲಾಗಿದೆ.” ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದವರಿಗೆ ಈ ಧಾಟಿಯ ಪತ್ರ ಹೊಸದೇನಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಕರಾರಿನಲ್ಲಿದ್ದದ್ದು 2025ರ ಡಿಸೆಂಬರ್ 31, ಪತ್ರದಲ್ಲಿರುವುದು 2026ರ ಸೆಪ್ಟೆಂಬರ್ 30. ಎಲ್ಲರ ಕಣ್ಣೂ ಹೊಸ ತಾರೀಖಿನ ಮೇಲೆ ಬೀಳುತ್ತದೆ. ಆದರೆ ಅದನ್ನು ನಂಬಬಹುದೋ ಇಲ್ಲವೋ ಎಂಬುದು ಗೊತ್ತಾಗುವುದು ಯಾವ ಅನುಮತಿ ಬಾಕಿಯಿದೆ ಎಂಬುದರಿಂದ.

ಕಟ್ಟಡ ಮುಗಿದ ಮೇಲೆ ಪಾಲಿಕೆ ಅಥವಾ ಬಿಡಿಎ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಓ.ಸಿ., ಕಟ್ಟಕಡೆಯದು. ಎತ್ತರದ ಕಟ್ಟಡವಾದರೆ ಅದಕ್ಕೆ ಮುಂಚೆ ಅಗ್ನಿಶಾಮಕ ಇಲಾಖೆಯವರು ಬಂದು ನೀರಿನ ಪೈಪು, ಪಂಪು, ತುರ್ತು ಮೆಟ್ಟಿಲು ನೋಡಿ ಹೋಗಬೇಕು. ದೊಡ್ಡ ಯೋಜನೆಗಳಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಲಿಫ್ಟಿಗೆ ಬೇರೆ ತಪಾಸಣೆ. ಇವೆಲ್ಲ ಕೈಗೆ ಬಂದಿದ್ದು ಓ.ಸಿ. ಅರ್ಜಿ ಪಾಲಿಕೆಯಲ್ಲಿ ಕೂತಿದ್ದರೆ ಅದು ಒಂದು ಬಗೆಯ ವಿಳಂಬ. ಲಿಫ್ಟೇ ಕೂರಿಸಿಲ್ಲ, ಅಗ್ನಿಶಾಮಕ ಇಲಾಖೆಗೆ ಅರ್ಜಿಯೇ ಹೋಗಿಲ್ಲ ಎಂದರೆ ಬಾಕಿಯಿರುವುದು ಅನುಮತಿಯಲ್ಲ, ಕೆಲಸ. ಮಂಜೂರಾದ ನಕ್ಷೆ ಮೀರಿ ಕಟ್ಟಿದ್ದರಂತೂ ಓ.ಸಿ. ಎಷ್ಟು ಕಾಲ ಸಿಕ್ಕಿಹಾಕಿಕೊಂಡೀತೆಂದು ಬಿಲ್ಡರನೂ ಹೇಳಲಾರ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಚಿಕ್ಕದು: ಯಾವ ಇಲಾಖೆ, ಅರ್ಜಿ ಸಂಖ್ಯೆ ಏನು, ಹಾಕಿದ್ದು ಯಾವತ್ತು? ಉತ್ತರವನ್ನು ಕರ್ನಾಟಕ ರೇರಾದ ಜಾಲತಾಣದ ಜತೆ ತಾಳೆ ನೋಡಬಹುದು. ಮೂರು ತಿಂಗಳಿಗೊಮ್ಮೆ ಕಾಮಗಾರಿಯ ಮತ್ತು ಅನುಮತಿಗಳ ಸ್ಥಿತಿಯನ್ನು ಬಿಲ್ಡರ್ ಅಲ್ಲಿ ಹಾಕಲೇಬೇಕು. ಪತ್ರದಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದರೆ ಆ ಪುಟವನ್ನು ಅವತ್ತೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

“ರೇರಾದವರೇ ನಮಗೆ ಕಾಲಾವಕಾಶ ಕೊಟ್ಟಿದ್ದಾರೆ” ಎಂಬ ಮಾತೂ ಪತ್ರದಲ್ಲಿ ಇರುವುದುಂಟು. ನಿಜವೇ ಇರಬಹುದು. ಆದರೆ ಅದು ಯೋಜನೆಯ ನೋಂದಣಿಗೆ ಸಿಕ್ಕ ಅವಧಿ. ಕೊಳ್ಳುವವರೊಂದಿಗಿನ ಕರಾರಿನ ದಿನಾಂಕ ಅದರಿಂದ ಮುಂದಕ್ಕೆ ಹೋಗುವುದಿಲ್ಲ. ಬಾಂಬೆ ಹೈಕೋರ್ಟ್ 2017ರಲ್ಲೇ ಇದನ್ನು ಬಿಡಿಸಿ ಹೇಳಿದೆ. ನಿಯಂತ್ರಣ ಮೀರಿದ ಕಾರಣ ಎಂದು 2016ರ ರೇರಾ ಕಾಯ್ದೆ ಹೆಸರಿಸುವುದು ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ವಿಪತ್ತುಗಳನ್ನು. ಕಚೇರಿಯಲ್ಲಿ ಕಡತ ನಿಧಾನವಾಯಿತೆಂಬುದು ಆ ಪಟ್ಟಿಯಲ್ಲಿಲ್ಲ.

ಕರಾರಿನ ದಿನ ದಾಟಿದರೆ 18ನೇ ಸೆಕ್ಷನ್ ಎರಡು ದಾರಿ ಕೊಡುತ್ತದೆ. ಯೋಜನೆ ಬಿಟ್ಟು ಕಟ್ಟಿದ ಹಣವನ್ನು ಬಡ್ಡಿಸಮೇತ ವಾಪಸು ಕೇಳಬಹುದು. ಈ ಹಕ್ಕಿಗೆ ಷರತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಹೇಳಿತು. ಫ್ಲ್ಯಾಟೇ ಬೇಕೆಂದರೆ ಕೈಗೆ ಸಿಗುವವರೆಗೆ ತಿಂಗಳು ತಿಂಗಳಿನ ಬಡ್ಡಿ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಅದರ ದರ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್‌ಗೆ ಶೇ. 2 ಸೇರಿಸಿದಷ್ಟು. ನಮ್ಮ ಉದಾಹರಣೆಯಲ್ಲಿ ಕಟ್ಟಿರುವುದು 60 ಲಕ್ಷ, ದರ ಲೆಕ್ಕಕ್ಕೆ ಶೇ. 11 ಎನ್ನೋಣ. ವರ್ಷಕ್ಕೆ 6.6 ಲಕ್ಷ, ತಿಂಗಳಿಗೆ 55 ಸಾವಿರ, ಒಂಬತ್ತು ತಿಂಗಳಿಗೆ 4.95 ಲಕ್ಷ. ಬಾಡಿಗೆಯನ್ನೂ ಬ್ಯಾಂಕಿನ ಕಂತನ್ನೂ ಒಟ್ಟಿಗೆ ಕಟ್ಟುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಕರಾರಿನಲ್ಲಿ ಆರು ತಿಂಗಳ ಹೆಚ್ಚುವರಿ ಗಡುವು ಬರೆದಿದ್ದರೆ ಲೆಕ್ಕ ಬದಲಾಗಬಹುದು, ಅದನ್ನು ಮೊದಲು ಓದಿಕೊಳ್ಳಬೇಕು.

ಪತ್ರದ ಜತೆ ಸಹಿಗೆಂದು ‘ಪೂರಕ ಕರಾರು’ ಬಂದರೆ ಮಾತ್ರ ಕೈ ತಡೆಯಿರಿ. ಹೊಸ ತಾರೀಖಿಗೆ ಒಪ್ಪಿ ಸಹಿ ಹಾಕಿದರೆ ಹಳೆಯ ತಾರೀಖಿನ ಬಡ್ಡಿ ಕೇಳುವ ನೆಲೆಯೇ ಸಡಿಲವಾಗುತ್ತದೆ. “ಪತ್ರ ತಲುಪಿದೆ, ಹೊಸ ದಿನಾಂಕಕ್ಕೆ ನಮ್ಮ ಒಪ್ಪಿಗೆ ಇಲ್ಲ, 18ನೇ ಸೆಕ್ಷನ್ನಿನ ಹಕ್ಕನ್ನು ಉಳಿಸಿಕೊಂಡಿದ್ದೇವೆ” ಎಂದು ಇಮೇಲ್ ಮಾಡಿದರೆ ಸಾಕು.

ಇನ್ನೊಂದು ಮಸಲತ್ತು, ಓ.ಸಿ. ಬರುವ ಮೊದಲೇ “ಮರಗೆಲಸ ಶುರುಮಾಡಿಕೊಳ್ಳಿ” ಎಂದು ಕೀಲಿ ಕೊಟ್ಟು, ಉಳಿದ ಹಣ ವಸೂಲಿ ಮಾಡುವುದು. ಓ.ಸಿ. ತೋರಿಸಿದ ಮೇಲಷ್ಟೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಕೀಲಿ ಪಡೆದವರೂ ಕಾಯಂ ಮೀಟರಿಲ್ಲದೆ ಕಾಯಬೇಕಾಗಬಹುದು.

ರೇರಾಗೆ ದೂರು ಕೊಟ್ಟು ಆದೇಶ ಪಡೆಯುವುದು ಅರ್ಧ ಕೆಲಸವಷ್ಟೇ. ಬಿಲ್ಡರ್ ಕಟ್ಟದಿದ್ದರೆ ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿ ಅದು ತೆವಳುತ್ತದೆ. ಆದ್ದರಿಂದ ಎಷ್ಟೋ ಕಡೆ ಕೊಂಡವರು ಸಂಘ ಮಾಡಿಕೊಂಡು, ಬಡ್ಡಿಯನ್ನು ಕೊನೆಯ ಕಂತಿನಲ್ಲೇ ಕಳೆದುಕೊಳ್ಳಲು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುತ್ತಾರೆ.