ಬಿರುಕಿನ ಉದ್ದಕ್ಕೂ ಬೆಲೆಗೂ ಸಂಬಂಧವಿಲ್ಲ

ಹಳೆಯ ಫೋನಿನ ಫೋಟೋದಲ್ಲಿ ಸ್ಕ್ರೀನ್ ಒಡೆದದ್ದು ಕಂಡರೆ ನಂದವರಂನಲ್ಲಾಗಲಿ, ಎಮ್ಮಿಗನೂರು, ಆದೋನಿಗಳಲ್ಲಾಗಲಿ ಚೌಕಾಸಿ ಶುರುವಾಗುವುದು ಒಂದೇ ನಂಬಿಕೆಯಿಂದ. ಮೇಲಿನ ಗಾಜು ಮಾತ್ರ ಹೋಗಿದೆ, ಟಚ್ ಚೆನ್ನಾಗಿದೆ, ಐನೂರು ಇಳಿಸಿದರೆ ಸಾಕು ಎಂಬ ನಂಬಿಕೆ ಅದು. ಮೂಲೆಯಲ್ಲಿ ಸಣ್ಣ ಗೆರೆ ಇದ್ದರೆ ಕಡಿಮೆ, ಅಡ್ಡಡ್ಡ ಸೀಳಿದ್ದರೆ ಜಾಸ್ತಿ ಎಂದು ಬಿರುಕನ್ನು ಅಳೆದೇ ಬೆಲೆ ಕಟ್ಟುತ್ತಾರೆ. ಈ ಲೆಕ್ಕ ಬುಡದಿಂದಲೇ ತಪ್ಪು.

ಇಂದಿನ ಫೋನುಗಳಲ್ಲಿ ಗಾಜು, ಟಚ್, ಡಿಸ್ಪ್ಲೇ ಮೂರನ್ನೂ ಪಾರದರ್ಶಕ ಅಂಟಿನಿಂದ ಒಂದೇ ಹಲಗೆಯಂತೆ ಕೂಡಿಸಿರುತ್ತಾರೆ. ಗಾಜೊಂದನ್ನೇ ಬಿಡಿಸಬೇಕಾದರೆ ಬಿಸಿ ತಟ್ಟೆಯ ಮೇಲಿಟ್ಟು, ಸಣ್ಣ ತಂತಿಯಿಂದ ಅಂಟು ಕೊಯ್ದು, ಹೊಸ ಅಂಟಿನ ಹಾಳೆ ಹಾಕಿ, ಗುಳ್ಳೆ ಉಳಿಯದಂತೆ ಯಂತ್ರದಲ್ಲಿ ಒತ್ತಬೇಕು. ಆ ಯಂತ್ರ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಇದ್ದರೂ, ತೆಳುವಾದ ಅಮೋಲೆಡ್ ಪ್ಯಾನಲ್ ಬಿಡಿಸುವಾಗಲೇ ಸತ್ತುಹೋಗುವ ಭಯವಿದೆ. ಹೀಗಾಗಿ ಗೆರೆ ಉಗುರಿನಷ್ಟಿರಲಿ, ಅಂಗೈಯಷ್ಟಿರಲಿ, ಸಾಮಾನ್ಯವಾಗಿ ಬದಲಾಗುವುದು ಇಡೀ ಕಾಂಬೋ. ಕಡಿತ ನಿಲ್ಲಬೇಕಾದದ್ದು ಆ ಕಾಂಬೋದ ಬೆಲೆಯ ಮೇಲೆ.

ಒಂದೇ ಬಗೆಯ ಬಿರುಕಿರುವ ಎರಡು ಫೋನುಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ; ನಿಜವಾದ ಬೆಲೆಯನ್ನು ಮಾಡೆಲ್ ಸಂಖ್ಯೆ ಹೇಳಿ ರಿಪೇರಿ ಅಂಗಡಿಯಲ್ಲಿ ಕೇಳಬೇಕು. ಮೊದಲನೆಯದು ಎಲ್‌ಸಿಡಿ ಫೋನ್. ಒಡೆಯದ ಸ್ಥಿತಿಯಲ್ಲಿ ಅದಕ್ಕೆ 6,000 ರೂಪಾಯಿ ಸಿಗುತ್ತದೆ. ಕಾಂಬೋ 1,200, ಕೂಲಿ 300. ಉಳಿಯುವುದು 4,500. ಎರಡನೆಯದು ಅಮೋಲೆಡ್ ಫೋನ್, ಒಡೆಯದಿದ್ದರೆ 8,000. ಅಸಲಿ ಡಿಸ್ಪ್ಲೇ 3,800, ಕೂಲಿ 400 ಕಳೆದರೆ ಉಳಿಯುವುದು 3,800 ಮಾತ್ರ. ಬಿರುಕು ಒಂದೇ, ಕಡಿತ ಒಂದರಲ್ಲಿ 1,500, ಇನ್ನೊಂದರಲ್ಲಿ 4,200. "ಒಡೆದ ಫೋನಿಗೆ ಅರ್ಧ ಬೆಲೆ" ಎಂಬ ಇನ್ನೊಂದು ರೂಢಿಯೂ ಇಲ್ಲಿಯೇ ಮುರಿದುಬೀಳುತ್ತದೆ. ಅದು ಎಲ್‌ಸಿಡಿ ಫೋನ್ ಮಾರುವವರಿಗೆ ಮಾಡುವ ಅನ್ಯಾಯ, ಅಮೋಲೆಡ್ ಕೊಳ್ಳುವವರಿಗೆ ಆಗುವ ನಷ್ಟ.

ಹೀಗೆ ಲೆಕ್ಕ ಹಾಕಿ ಉಳಿದ ಮೊತ್ತದಿಂದ ಇನ್ನೂ ಐದಾರುನೂರು ಇಳಿಸುವುದು ನ್ಯಾಯ. ಫೋಟೋದಲ್ಲಿ ಕಾಣದ ಪೆಟ್ಟಿನ ಹೊರೆ ಕೊಳ್ಳುವವರ ಮೇಲೆ ಬೀಳುತ್ತದೆ. ಬಿಚ್ಚಿ ಅಂಟಿಸಿದ ಫೋನಿನಲ್ಲಿ ನೀರು ತಡೆಯುವ ಶಕ್ತಿಯೂ ಮೊದಲಿನಷ್ಟು ಉಳಿಯುವುದಿಲ್ಲ. ಕಾಪಿ ಡಿಸ್ಪ್ಲೇ ಅಗ್ಗಕ್ಕೆ ಸಿಗುತ್ತದಲ್ಲ ಎಂದು ವಾದಿಸುವವರಿದ್ದಾರೆ. ಅಮೋಲೆಡ್ ಜಾಗಕ್ಕೆ ಬರುವ ಅಗ್ಗದ ಕಾಪಿ ಹೆಚ್ಚಾಗಿ ಎಲ್‌ಸಿಡಿಯೇ. ಸ್ಕ್ರೀನಿನ ಅಡಿಯಲ್ಲಿರುವ ಬೆರಳಚ್ಚು ಸೆನ್ಸರ್‌ಗೆ ಸಾಮಾನ್ಯವಾಗಿ ಬೆಳಕು ಡಿಸ್ಪ್ಲೇಯ ಮೂಲಕ ಹಾದುಹೋಗಬೇಕು. ಎಲ್‌ಸಿಡಿಯ ಹಿಂಬದಿಯ ಬೆಳಕಿನ ಪದರ ಅದನ್ನು ತಡೆಯುತ್ತದೆ. ಹಣ ಉಳಿದರೂ ಬೆರಳಚ್ಚು ಹೋಗುತ್ತದೆ. ಸ್ಕ್ರೀನಿನ ಮೇಲೆಯೇ ಬೆರಳಿಡುವ ಫೋನ್ ಎಂದರೆ ಅಮೋಲೆಡ್ ಎಂದೇ ತಿಳಿದು ಲೆಕ್ಕ ಹಾಕಬೇಕು.

ದುಡಿಯಲು ಬೆಂಗಳೂರಿಗೆ ಹೋದವರಿಂದ ವಾಟ್ಸಾಪಿನಲ್ಲಿ ಬರುವ ಫೋಟೋ ಆದರೂ ಅಷ್ಟೆ, ಆಫ್ ಮಾಡಿದ ಸ್ಕ್ರೀನಿನ ಚಿತ್ರ ಯಾವುದಕ್ಕೂ ಸಾಕ್ಷಿಯಲ್ಲ. ಬಿಳಿ ಹಿನ್ನೆಲೆ ತೆರೆದು, ಬೆಳಕು ಪೂರ್ತಿ ಏರಿಸಿ ತೆಗೆದ ಫೋಟೋ ಬೇಕು. ಶಾಯಿ ಚೆಲ್ಲಿದಂಥ ಕಪ್ಪು ಕಲೆಯೋ ಹಸಿರು, ನೇರಳೆ ಗೆರೆಯೋ ಕಂಡರೆ ಪೆಟ್ಟು ಪ್ಯಾನಲ್‌ವರೆಗೆ ಇಳಿದಿದೆ, ಕಲೆ ದಿನದಿಂದ ದಿನಕ್ಕೆ ಹರಡಬಹುದು. ಟಚ್‌ಗೆ ಫೋಟೋ ಸಾಲದು, ವಿಡಿಯೋ ಬೇಕು. ಒಂದು ಆ್ಯಪ್ ಚಿಹ್ನೆಯನ್ನು ಒತ್ತಿ ಹಿಡಿದು ಸ್ಕ್ರೀನಿನ ಮೂಲೆಮೂಲೆಗೂ ಎಳೆದರೆ, ಟಚ್ ಸತ್ತ ಜಾಗದಲ್ಲಿ ಅದು ಕೈತಪ್ಪಿ ಬೀಳುತ್ತದೆ. ಬಿರುಕು ಹುಟ್ಟಿದ ಮೂಲೆಯ ಫ್ರೇಮನ್ನೂ ಹತ್ತಿರದಿಂದ ನೋಡಬೇಕು. ಅಲ್ಲಿ ತಗ್ಗು ಬಿದ್ದಿದ್ದರೆ ಹೊಸ ಡಿಸ್ಪ್ಲೇ ಸರಿಯಾಗಿ ಕೂರುವುದಿಲ್ಲ, ಕೂತರೂ ಮತ್ತೆ ಸೀಳಬಹುದು. ಇನ್ನೊಂದು ಕಡೆ, ಗೆರೆಗಳು ಫ್ರೇಮ್ ಮುಟ್ಟದೆ ಸ್ವಲ್ಪ ಒಳಗೇ ನಿಂತಿದ್ದರೆ ಒಡೆದಿರುವುದು ಟೆಂಪರ್ಡ್ ಗ್ಲಾಸ್ ಮಾತ್ರ ಇರಬಹುದು. ಅದನ್ನು ತೆಗೆಸಿ ತರಿಸಿದ ಇನ್ನೊಂದು ಫೋಟೋದಲ್ಲಿ ಸ್ಕ್ರೀನ್ ಸರಿಯಿದ್ದರೆ ಕಡಿತದ ಮಾತೇ ಬೇಕಾಗದು.

ಟೂತ್‌ಪೇಸ್ಟ್ ಉಜ್ಜಿದರೆ ಬಿರುಕು ಮುಚ್ಚುತ್ತದೆ ಎಂಬುದು ಶುದ್ಧ ಸುಳ್ಳು. ಬಾಕ್ಸ್, ಬಿಲ್ ಇದ್ದರೆ ಡಿಸ್ಪ್ಲೇ ಅಸಲಿ ಎಂಬುದೂ ಹಾಗೆಯೇ. ಬಿಲ್ ಹೇಳುವುದು ಕೊಂಡ ದಿನದ ಸಂಗತಿ, ಆಮೇಲೆ ನಡೆದ ರಿಪೇರಿಯದ್ದಲ್ಲ. ಹತ್ತಿಯನ್ನು ಮಾರುಕಟ್ಟೆಗೆ ತಂದಾಗ ತೇವ ನೋಡದೆ, ಎಳೆ ನೋಡದೆ ಬೆಲೆಗೆ ಒಪ್ಪದ ಜನರೇ ಫೋನಿನ ಹೊತ್ತಿಗೆ "ಆರು ತಿಂಗಳಿಂದ ಹೀಗೇ ಓಡುತ್ತಿದೆ" ಎಂಬ ಒಂದು ಮಾತಿಗೆ ಸೋತು ದುಡ್ಡು ಕಳಿಸಿಬಿಡುತ್ತಾರೆ. ಆ ಮಾತು ನಿಜವೇ ಇರಬಹುದು. ಆದರೂ ಒಡೆದ ಗಾಜಿನ ಸಂದಿಯಲ್ಲಿ ಬೆವರು, ಮಳೆಹನಿ, ದೂಳು ಇಳಿಯುತ್ತಲೇ ಇರುತ್ತವೆ. ಡಿಸ್ಪ್ಲೇ ಕೈಕೊಟ್ಟ ದಿನ ಕಾಂಬೋದ ದುಡ್ಡು ಹೋಗುವುದು ಆಗ ಫೋನ್ ಯಾರ ಕೈಯಲ್ಲಿದೆಯೋ ಅವರ ಜೇಬಿನಿಂದ.