ಗೇಟಿಗೆ ಅಡ್ಡ ನಿಂತ ಕಾರು ಮತ್ತು ಸಮಿತಿಗೊಂದು ಪತ್ರ

ಬೆಂಗಳೂರಿನ ಒಂದು ಸಣ್ಣ ಅಪಾರ್ಟ್‌ಮೆಂಟ್ ಎಂದುಕೊಳ್ಳೋಣ. ಎರಡು ಬಾಗಿಲಿನ 12 ಅಡಿಯ ಗೇಟು, ಒಳಕ್ಕೆ ತೆರೆಯುತ್ತದೆ. ಪಕ್ಕದ ಜಾಗದಲ್ಲಿ ನಿಲ್ಲುವ ಕಾರಿನ ಹಿಂಭಾಗ ಹೊರಚಾಚಿ, ಬಲಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಉಳಿಯುವ ದಾರಿ 7 ಅಡಿ. ಕಾರು ಹೇಗೋ ನುಸುಳುತ್ತದೆ, ನೀರಿನ ಟ್ಯಾಂಕರ್ ಬರುವುದಿಲ್ಲ.

ಇಷ್ಟಾದಾಗ ಮೊದಲು ಹೊಳೆಯುವ ಮಾತು, 'ಅವರು ಯಾವಾಗಲೂ ಬೇಕೆಂದೇ ಹೀಗೆ ಮಾಡುತ್ತಾರೆ.' ಪಾರ್ಕಿಂಗ್ ಸಮಿತಿಗೆ ಈ ಮಾತಿನಿಂದ ಉಪಯೋಗವಿಲ್ಲ. 'ಯಾವಾಗಲೂ' ಎಂಬುದನ್ನು ಎಣಿಸಲಾಗದು, 'ಬೇಕೆಂದೇ' ಎಂಬುದನ್ನು ಪರೀಕ್ಷಿಸಲಾಗದು. ಆ ನೆರೆಯವರು ಉತ್ತರ ಕೊಡುವುದೂ ಈ ಎರಡು ಪದಗಳಿಗೇ. ಗೇಟಿನ ವಿಷಯ ಹಿಂದೆ ಬೀಳುತ್ತದೆ.

ಬದಲಿಗೆ ಪತ್ರ ಹೀಗಿರಬಹುದು:

"ಮಾನ್ಯರೇ, ಸೋಮವಾರ ಬೆಳಿಗ್ಗೆ 7.10ಕ್ಕೆ, ಬುಧವಾರ 7.25ಕ್ಕೆ ಮತ್ತು ಶುಕ್ರವಾರ 6.50ಕ್ಕೆ 4ನೇ ಜಾಗದ ಕಾರಿನ ಹಿಂಭಾಗ ಮುಖ್ಯ ಗೇಟಿನ ಬಲಬಾಗಿಲಿಗೆ ತಾಗುವಂತಿತ್ತು. ಗೇಟು 7 ಅಡಿಯಷ್ಟೇ ತೆರೆಯಿತು. ಶುಕ್ರವಾರ ನೀರಿನ ಟ್ಯಾಂಕರ್ ಒಳಗೆ ಬರಲಾಗದೆ ರಸ್ತೆಯಲ್ಲೇ ನಿಂತಿತು. ಮೂರು ದಿನದ ಫೋಟೋ ಲಗತ್ತಿಸಿದ್ದೇನೆ. ಆ ಜಾಗದ ಉದ್ದ ಕಾರಿಗೆ ಸಾಲದೇ ಇರಬಹುದು. ದಯವಿಟ್ಟು ಸಮಿತಿಯವರು ಅಳೆದು ನೋಡಿ, ಗೇಟು ತಿರುಗುವಷ್ಟು ಜಾಗಕ್ಕೆ ಹಳದಿ ಗೆರೆ ಹಾಕಿಸಿ."

ಇದರಲ್ಲಿ ನೆರೆಯವರ ಸ್ವಭಾವದ ಬಗ್ಗೆ ಒಂದಕ್ಷರವೂ ಇಲ್ಲ. 'ಜಾಗ ಸಾಲದೇ ಇರಬಹುದು' ಎಂಬ ಸಾಲು ಬರೀ ಸೌಜನ್ಯದ್ದಲ್ಲ. ಕಂಬದ ಪಕ್ಕದ ಜಾಗಗಳಲ್ಲಿ ಉದ್ದನೆಯ ಕಾರು ನಿಜಕ್ಕೂ ಹಿಡಿಸುವುದಿಲ್ಲ. ಹಾಗಿದ್ದರೆ ಎಷ್ಟು ಎಚ್ಚರಿಸಿದರೂ ಕಾರು ಅಲ್ಲೇ ಚಾಚಿಕೊಂಡಿರುತ್ತದೆ, ಜಾಗ ಬದಲಿಸಿಕೊಡುವುದೊಂದೇ ದಾರಿ. ಫೋಟೋದಲ್ಲಿ ಬರೀ ನಂಬರ್ ಪ್ಲೇಟ್ ಇದ್ದರೆ ಸಾಲದು. ಒಂದೇ ಕಡೆ ನಿಂತು, ಗೇಟಿನ ಬಾಗಿಲೂ ಕಾರಿನ ಹಿಂಭಾಗವೂ ಒಟ್ಟಿಗೆ ಕಾಣುವಂತೆ ತೆಗೆಯಬೇಕು. ಅದನ್ನು ಎಲ್ಲರ ವಾಟ್ಸಾಪ್ ಗುಂಪಿಗೆ ಹಾಕದೆ ಸಮಿತಿಗೆ ಮಾತ್ರ ಕಳಿಸಿದರೆ, ನೆರೆಯವರಿಗೆ ಹತ್ತಾರು ಜನರೆದುರು ಮುಖ ಉಳಿಸಿಕೊಳ್ಳುವ ಸಂಕಟ ತಪ್ಪುತ್ತದೆ.

ಸಮಿತಿಯ ಕೈಯಲ್ಲಿ ಏನಿದೆ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಕಟ್ಟಡದ ಪ್ರವೇಶ ಮತ್ತು ನಿರ್ಗಮನಗಳನ್ನು ಸಾಮಾನ್ಯ ಪ್ರದೇಶಗಳಲ್ಲಿ ಸೇರಿಸುತ್ತದೆ. ಆದ್ದರಿಂದ ಗೇಟಿನ ದಾರಿ ಯಾರೊಬ್ಬರ ಸ್ವತ್ತೂ ಅಲ್ಲ. ದಂಡ ಹಾಕಬಹುದೇ ಎಂಬುದಕ್ಕೆ ಮಾತ್ರ ಆಯಾ ಸಂಘದ ಬೈಲಾ ನೋಡಬೇಕು. ಕಾರು ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದರೆ ಕತೆಯೇ ಬೇರೆ, ಅದು ಸಂಚಾರ ಪೊಲೀಸರ ವ್ಯಾಪ್ತಿಗೆ ಬರುತ್ತದೆ.

ಗೆರೆ ಎಲ್ಲಿ ಬೀಳಬೇಕೆಂಬುದಕ್ಕೆ ವಾದವೇ ಬೇಡ. ಕಾರು ಇಲ್ಲದ ಹೊತ್ತಿನಲ್ಲಿ ಗೇಟಿನ ಬಾಗಿಲ ತುದಿಗೆ ಸೀಮೆಸುಣ್ಣ ಕಟ್ಟಿ, ನೆಲಕ್ಕೆ ತಾಗುವಂತೆ ಪೂರ್ತಿ ತಿರುಗಿಸಿದರೆ ಒಂದು ಕಮಾನು ಮೂಡುತ್ತದೆ. ಬಣ್ಣ ಬಳಿಯುವವರು ಅದರಿಂದ ಒಂದು ಗೇಣು ಹೊರಗೆ ಗೆರೆ ಎಳೆದರಾಯಿತು.